ಕಾರ್ಬನ್ ಸವೆದದ್ದನ್ನ ಮಷಿನ್ ಮೊದಲೇ ಹೇಳತೈತಿ

ಈ ಸಲ ಬೆಳೆ ಬಗ್ಗೆ ಅಲ್ಲ, ಮನ್ಯಾಗ, ಶೆಡ್ಡಿನ್ಯಾಗ ಇರೋ ಹಳೇ ಮಷಿನ್ ಬಗ್ಗೆ ಬರಿಯಾಕತ್ತೇನಿ. ಕಟಿಂಗ್ ಗ್ರೈಂಡರ್, ಡ್ರಿಲ್, ಅಡಗಿ ಮನಿ ಮಿಕ್ಸರ್, ಇವು ಮೂರಕ್ಕೂ ಒಂದೇ ಜಾತಿ ಮೋಟರ್ ಇರತೈತಿ, ಒಂದೇ ಜಾತಿ ರೋಗ ಬರತೈತಿ. ಆ ರೋಗ ಗೊತ್ತಿಲ್ಲದ ನಾನು ಒಂದು ಮಷಿನ್ ಕೊಂದೇನಿ, ಗೊತ್ತಾದ ಮ್ಯಾಲೆ ಒಂದನ್ನ ಉಳಿಸಿಕೊಂಡೇನಿ. ಎರಡೂ ಹೇಳತೇನಿ.

ಹೋದ ಡಿಸೆಂಬರಿನ್ಯಾಗ ಕಬ್ಬಿನ ಗ್ಯಾಂಗ್ ಸೋಮವಾರ ಬರೋದಿತ್ತು. ಶುಕ್ರವಾರ ಸಂಜೀಕ ನೋಡಿದ್ರ ಟ್ರಾಲಿ ಹಿಂದಿನ ಬಾಗಿಲಿನ ಬಿಜಾಗರಿ ಮುರದಿತ್ತು. ಹಳೇದನ್ನ ಕತ್ತರಿಸಿ ತಗದು ಹೊಸಾದು ಕೂಡಿಸಬೇಕು. 2007ರಾಗ ಮನಿ ಕಟ್ಟುವಾಗ ತಗೊಂಡಿದ್ದ ನಾಕ ಇಂಚಿನ ಗ್ರೈಂಡರ್ ಹೊರಗ ತಗದೆ. ಸ್ವಿಚ್ ಒತ್ತಿದರ ಸುಮ್ಮನ ಕೂತತು. ಕೈಯಿಂದ ಒಂದೆರಡು ಸಲ ತಟ್ಟಿದೆ, ಶುರುವಾತು. ಅರ್ಧ ಬಿಜಾಗರಿ ಕತ್ತರಿಸೋದ್ರಾಗ ಮತ್ತ ನಿಂತತು. ಮಷಿನ್ ಓರೆ ಹಿಡದರ ನಡಿತಿತ್ತು, ನೆಟ್ಟಗ ಹಿಡದರ ನಿಲ್ಲತಿತ್ತು. ಗಾಳಿ ಬರೋ ಸಂದಿಯೊಳಗ ಹಳದಿ ಬೆಂಕಿ ಕಾಣತಿತ್ತು.

ಮರುದಿನ ಊರಾಗ ಒಬ್ಬ ರಿಪೇರಿಯವರಿಗೆ ತೋರಿಸಿದೆ. ಬಿಚ್ಚಲಿಲ್ಲ, ಮೂಸಿ ನೋಡಿ, 'ಆರ್ಮೇಚರ್ ಸುಟ್ಟೈತ್ರೀ ಕಾಕಾ, ವೈಂಡಿಂಗಿಗೆ ಸಾವಿರದ ನಾಕನೂರು ಆಗತೈತಿ. ಅದರ ಬದಲಿ ಹೊಸಾದು ತಗೊಳ್ರಿ' ಅಂದರು. ನಾನೂ ಹೂಂ ಅಂದು ವಾಪಸ್ ತಂದೆ. ಆದರ ದಾರ್ಯಾಗ ನಮ್ಮಣ್ಣನ ಡ್ರಿಲ್ ನೆನಪಾತು. ಅದಕ್ಕೂ ಹಿಂಗ ಆಗಿತ್ತು.

ಅಣ್ಣ ಪುಣೆದಾಗ ಕೆಲಸಕ್ಕಿದ್ದಾಗ ತಂದಿದ್ದ ಡ್ರಿಲ್ ಅದು. ಅಂವ ಹೋದ ಮ್ಯಾಲೆ ನನ್ನ ಕಡೆ ಇತ್ತು. ಒಂದಿನ ಇದೇ ಥರ ತಟ್ಟಿದರ ನಡಿಯೂದು, ಬಿಟ್ಟರ ನಿಲ್ಲೂದು ಶುರುವಾತು. ಬಿಚ್ಚಿ ನೋಡಿದೆ. ಕಾರ್ಬನ್ ತುಂಡು ಬೆರಳಿನ ಉಗುರಿನಷ್ಟು ಉಳಿದಿತ್ತು. ಬೆಳಗಾವಿಗೆ ಯಾವಾಗ ಹೋಗೋದು ಅಂತ, ಹಳೇ ಟಾರ್ಚ್ ಸೆಲ್ ಒಡದು ಅದರೊಳಗಿನ ಕರಿ ಕಡ್ಡಿ ತಗದೆ, ಕಲ್ಲಿಗೆ ತಿಕ್ಕಿ ಚೌಕ ಮಾಡಿ ಹಾಕಿದೆ. ನಡೀತು! ಊರಾಗ ಎಲ್ಲಾರಿಗೂ ಹೇಳಿಕೊಂಡು ಅಡ್ಡಾಡಿದೆ. ಹದಿನೈದು ದಿನಕ್ಕ ಡ್ರಿಲ್ಲಿನಿಂದ ಹೊಗಿ ಬಂತು. ಆವಾಗ ಬಿಚ್ಚಿದರ ಸ್ಪ್ರಿಂಗ್ ನೀಲಿ ಬಣ್ಣಕ್ಕ ತಿರುಗಿ ಮೆತ್ತಗಾಗಿತ್ತು, ಒಳಗಿನ ತಾಮ್ರದ ಮ್ಯಾಲೆ ನೇಗಿಲ ಸಾಲಿನಂಗ ಗೆರಿ ಬಿದ್ದಿದ್ದವು. ಆ ಡ್ರಿಲ್ ಮತ್ತ ಎದ್ದಿಲ್ಲ. ಅದನ್ನ ಇನ್ನೂ ಗುಜರಿಗೆ ಹಾಕಿಲ್ಲ, ಅಟ್ಟದ ಮ್ಯಾಲೆ ಐತಿ.

ಯಾಕ ಹಂಗಾತು ಅನ್ನೋದು ತಿಳೀಬೇಕಂದ್ರ ಮೋಟರ್ ಹೆಂಗ ನಡಿತೈತಿ ಅಂತ ಸ್ವಲ್ಪ ನೋಡಬೇಕು.

ನಮ್ಮ ಬಾವಿ ಪಂಪು, ಬೋರಿನ ಮೋಟರ್, ಹಿಟ್ಟಿನ ಗಿರಣಿ ಮೋಟರ್, ಇವಕ್ಕ ಸಾಮಾನ್ಯವಾಗಿ ಕಾರ್ಬನ್ ಇರಂಗಿಲ್ಲ. ತಿರುಗೋ ಭಾಗಕ್ಕ ಹೊರಗಿನಿಂದ ಕರೆಂಟ್ ಕೊಡೋದೇ ಇಲ್ಲ ಅವುಗಳೊಳಗ. ಗ್ರೈಂಡರ್, ಡ್ರಿಲ್, ಮಿಕ್ಸರಿನ ಮೋಟರ್ ಬ್ಯಾರೆ. ಇದಕ್ಕ ಯುನಿವರ್ಸಲ್ ಮೋಟರ್ ಅಂತಾರ, ಯಾಕಂದ್ರ ಎಸಿ ಕರೆಂಟಿಗೂ ಡಿಸಿಗೂ ನಡಿತೈತಿ. ಗಾತ್ರ ಸಣ್ಣದು, ವೇಗ ಭಾಳ. ನಾಕ ಇಂಚಿನ ಗ್ರೈಂಡರ್ ಮಿನಿಟಿಗೆ 10,000 ಸುತ್ತಿನ ಮ್ಯಾಲೇ ತಿರುಗತೈತಿ. ಅದಕ್ಕ ಅದು ಕಿರಚತೈತಿ.

ಈ ಮೋಟರಿನ್ಯಾಗ ತಿರುಗೋ ಭಾಗ ಅಂದ್ರ ಆರ್ಮೇಚರ್. ಅದಕ್ಕೂ ಕರೆಂಟ್ ಮುಟ್ಟಿಸಬೇಕು. ತಿರುಗೋದಕ್ಕ ವಾಯರ್ ಕಟ್ಟಾಕ ಬರಂಗಿಲ್ಲ. ಅದಕ್ಕ ಆರ್ಮೇಚರಿನ ಒಂದು ತುದಿಗೆ ತಾಮ್ರದ ಸಣ್ಣ ಸಣ್ಣ ಪಟ್ಟಿ ಕೂಡಿಸಿದ ಒಂದು ದುಂಡನ ಭಾಗ ಇರತೈತಿ, ಅದು ಕಮ್ಯುಟೇಟರ್. ಅದರ ಎರಡೂ ಮಗ್ಗಲಿಗೆ ಒಂದೊಂದು ಕಾರ್ಬನ್ ತುಂಡು, ಹಿಂದ ಸ್ಪ್ರಿಂಗ್. ಸ್ಪ್ರಿಂಗ್ ಕಾರ್ಬನ್ನನ್ನ ತಾಮ್ರಕ್ಕ ಒತ್ತಿ ಹಿಡಿತೈತಿ, ತಾಮ್ರ ಅದರ ಕೆಳಗ ಜಾರಿಕೋತ ತಿರುಗತೈತಿ.

ಇದಕ್ಕ ಬ್ರಶ್ ಅಂತ ಯಾಕ ಅಂತಾರ ಅಂತ ನನಗೂ ತಿಳಿದಿರಲಿಲ್ಲ. ಮೊದಲಿನ ಕಾಲದಾಗ ನಿಜವಾಗಲೂ ತಾಮ್ರದ ತಂತಿ ಕಟ್ಟಿದ ಬ್ರಶ್ಶೇ ಇರತಿತ್ತಂತ. ತಾಮ್ರಕ್ಕ ತಾಮ್ರ ತಿಕ್ಕಿ ಎರಡೂ ಹಾಳಾಗತಿದ್ದವು. 1885ರಾಗ ಜಾರ್ಜ್ ಫೋರ್ಬ್ಸ್ ಅನ್ನೋ ಸ್ಕಾಟ್ಲೆಂಡಿನವರು ಅದರ ಬದಲಿ ಕಾರ್ಬನ್ ಹಾಕೋದಕ್ಕ ಪೇಟೆಂಟ್ ತಗೊಂಡರು. ಹೆಸರು ಮಾತ್ರ ಬ್ರಶ್ ಅಂತನೇ ಉಳೀತು. ಕಾರ್ಬನ್ ತಾನು ಸವದು ತಾಮ್ರ ಉಳಸತೈತಿ. ಎತ್ತಿನ ಕಾಲಿಗೆ ಹೊಡೆಸೋ ನಾಲು ಇದ್ದಂಗ. ನಾಲು ಸವೀಬೇಕು, ಗೊರಸು ಉಳೀಬೇಕು. ನಾಲು ಸವದು ಹೋದ ಮ್ಯಾಲೂ ಎತ್ತು ಹೂಡಿದರ ಏನಾಗತೈತಿ ಅಂತ ನಿಮಗ ಹೇಳಬೇಕಾಗಿಲ್ಲ.

ಕಾರ್ಬನ್ ಗಿಡ್ಡ ಆದಂಗ ಹಿಂದಿನ ಸ್ಪ್ರಿಂಗ್ ಉದ್ದ ಆಗಿ ಒತ್ತೋ ಬಲ ಕಡಿಮಿ ಆಗತೈತಿ. ಕಾರ್ಬನ್ ತಾಮ್ರದ ಮ್ಯಾಲೆ ಕುಣ್ಯಾಕ ಶುರು ಮಾಡತೈತಿ. ಕುಣಿದಾಗೆಲ್ಲಾ ನಡುವ ಸಂದಿ ಬೀಳತೈತಿ, ಕರೆಂಟ್ ಆ ಸಂದಿ ಜಿಗಿತೈತಿ, ಅದೇ ಕಿಡಿ. ಕಿಡಿ ಬಿದ್ದಲ್ಲಿ ತಾಮ್ರ ಸುಟ್ಟು ಒರಟಾಗತೈತಿ. ಒರಟಾದ ತಾಮ್ರ ಕಾರ್ಬನ್ನನ್ನ ಇನ್ನೂ ಜೋರಾಗಿ ತಿಂತೈತಿ. ಹಿಂಗಾಗಿ ಕೊನೀಗೆ ಭಾಳ ಲಗೂ ಕೆಡತೈತಿ. ಅರವತ್ತು ರೂಪಾಯಿ ಕಾರ್ಬನ್ ಬದಲಿಸದ ಸಾವಿರದ ನಾಕನೂರರ ಆರ್ಮೇಚರ್ ತಿನಸೋದು ಅಂದ್ರ ಇದು.

ನಾನು ಹಾಕಿದ್ದ ಸೆಲ್ಲಿನ ಕಡ್ಡಿ ಕರೆಂಟ್ ಒಯ್ಯಾಕ ಮಾಡಿದ್ದು, ತಿರುಗೋ ತಾಮ್ರದ ಮ್ಯಾಲೆ ಜಾರಾಕ ಮಾಡಿದ್ದಲ್ಲ. ಇನ್ನೊಂದು ಮಾತು, ಖರೇ ಬ್ರಶ್ಶಿನ ಹಿಂದ ಹೆಣೆದ ತಾಮ್ರದ ಸಣ್ಣ ವಾಯರ್ ಇರತೈತಿ. ಕರೆಂಟ್ ಆ ವಾಯರಿನಿಂದ ಕಾರ್ಬನ್ನಿಗೆ ಬರತೈತಿ, ಸ್ಪ್ರಿಂಗಿನ ಕೆಲಸ ಒತ್ತೋದಷ್ಟೇ. ನನ್ನ ಕಡ್ಡಿಗೆ ವಾಯರ್ ಇರಲಿಲ್ಲ. ಕರೆಂಟೆಲ್ಲಾ ಸ್ಪ್ರಿಂಗಿನಿಂದ ಹರೀತು, ಸ್ಪ್ರಿಂಗ್ ಕಾದು ಮೆತ್ತಗಾತು, ಒತ್ತೋ ಬಲ ಹೋತು, ಕಿಡಿ ಹೆಚ್ಚಾತು. ಡ್ರಿಲ್ ಸುಟ್ಟದ್ದು ಹಂಗ.

ಈಗ ಲಕ್ಷಣಗಳಿಗೆ ಬರೋಣ. ಮೊದಲನೇದು ನಾ ಹೇಳಿದ್ದೇ, ಒಮ್ಮೆ ನಡಿಯೂದು ಒಮ್ಮೆ ನಿಲ್ಲೂದು, ತಟ್ಟಿದರ, ಓರೆ ಹಿಡದರ ಶುರುವಾಗೋದು. ಈ ಮೋಟರಿನ್ಯಾಗ ಕರೆಂಟ್ ಒಂದೇ ದಾರೀಲೆ ಹೋಗತೈತಿ, ಎರಡೂ ಕಾರ್ಬನ್ ಆ ದಾರ್ಯಾಗೇ ಇರತಾವು. ಒಂದು ಮುಟ್ಟಲಿಲ್ಲ ಅಂದ್ರೂ ಇಡೀ ಮಷಿನ್ ಸತ್ತಂಗ. ಮತ್ತ ಸಪ್ಪಳ ಸುದ್ದಾ ಇರಂಗಿಲ್ಲ. ಪಂಪಿನ ಮೋಟರ್ ಕೆಪಾಸಿಟರ್ ಹೋದಾಗ ಗೊಂಯ್ ಅಂತೈತಿ, ಇದು ಹಂಗ ಅನ್ನಂಗಿಲ್ಲ. ಕಾರ್ಬನ್ ಬಿಟ್ಟರ ಪೂರಾ ಮೌನ. ಗೊಂಯ್ ಅಂದು ತಿರುಗದಿದ್ದರ ಕರೆಂಟ್ ಮುಟ್ಟೇತಿ ಅಂತ ತಿಳೀರಿ, ಬ್ಯಾರಿಂಗೋ ಗೇರೋ ಹಿಡದಿರಬೇಕು.

ಎರಡನೇದು ಕಿಡಿ. ಹೊಸಾ ಮಷಿನ್ನಿನ್ಯಾಗೂ ಕಾರ್ಬನ್ ತುದಿಗೆ ಸಣ್ಣ ನೀಲಿ ಕಿಡಿ ಕಾಣತೈತಿ, ಅದಕ್ಕ ಹೆದರಬ್ಯಾಡ್ರಿ. ಆ ಕಿಡಿ ಹಳದಿ ಇಲ್ಲಾ ಕೇಸರಿ ಬಣ್ಣಕ್ಕ ತಿರುಗಿ ಉದ್ದ ಆಗಾಕ ಹತ್ತಿದರ, ಹೋದ ತಿಂಗಳಿಗಿಂತ ಈ ತಿಂಗಳ ಹೆಚ್ಚ ಕಂಡರ, ತಗದು ನೋಡೋ ಹೊತ್ತು ಬಂದೈತಿ ಅಂತ ಅರ್ಥ. ಸಂಜೀ ಕತ್ತಲದಾಗ ಖಾಲಿ ನಡಿಸಿ ಗಾಳಿ ಸಂದಿಯೊಳಗ ನೋಡಿದರ ಚೊಲೋ ಕಾಣತೈತಿ.

ಮೂರನೇದನ್ನ ನಮ್ಮ ಮನಿಯವರು ಕಂಡುಹಿಡದರು. ಮಿಕ್ಸರಿನ್ಯಾಗ ಶೇಂಗಾ ಚಟ್ನಿ ಮಾಡುವಾಗ ರೇಡಿಯೋದಾಗ ಧಾರವಾಡ ಆಕಾಶವಾಣಿ ಹಚ್ಚಿರತಾರ. ಮೊದಲ ಸ್ವಲ್ಪ ಗರಗರ ಅಂತಿತ್ತು. ಬರಬರತ ಸುದ್ದಿನೇ ಕೇಳದಷ್ಟು ಗರಗರ ಶುರುವಾತು. ಕಿಡಿ ಹೆಚ್ಚಾದಂಗ ರೇಡಿಯೋಕ್ಕ ತ್ರಾಸ ಹೆಚ್ಚಾಗತೈತಿ. ಅದರ ಕೂಡ ಒಂದು ನಮೂನಿ ಚುರುಕು ಸುಟ್ಟ ವಾಸನಿ. ಮಿಕ್ಸರ್ ಪೂರಾ ಸುಮ್ಮನ ಕೂತರ ಮಾತ್ರ ಮೊದಲ ತಳದಾಗಿನ ಕೆಂಪು ಬಟನ್ ನೋಡ್ರಿ. ಲೋಡ್ ಹೆಚ್ಚಾದಾಗ ಅದು ಬಿದ್ದಿರತೈತಿ, ಅದನ್ನ ಒತ್ತಿದರ ಕೆಲಸ ಮುಗೀತು.

ವೋಲ್ಟೇಜ್ ಕಡಿಮಿ ಇದ್ದಾಗೂ ಮಷಿನ್ ಬಲ ಕಳಕೋತೈತಿ. ನಮ್ಮ ಖಾನಾಪುರ ಹಳ್ಳಿಗಳೊಳಗ ಅದು ಹೊಸಾದೇನಲ್ಲ. ಗುರುತು ಇಷ್ಟ, ವೋಲ್ಟೇಜ್ ಇಲ್ಲಂದ್ರ ಹಳೇ ಬಲ್ಬೂ ಮಂಕಾಗತೈತಿ, ಫ್ಯಾನೂ ನಿಧಾನ ಆಗತೈತಿ, ಮಷಿನ್ ಒಂದೇ ಸಮ ನಿಧಾನ ತಿರುಗತೈತಿ. ಕಾರ್ಬನ್ನಿನ ತೊಂದರಿ ಇದ್ದರ ಬಲ ಒಮ್ಮೆ ಬರತೈತಿ ಒಮ್ಮೆ ಹೋಗತೈತಿ.

ಶನಿವಾರ ಮಧ್ಯಾಹ್ನ ಗ್ರೈಂಡರ್ ಬಿಚ್ಚೋದಕ್ಕ ಮೊದಲ ಮಲ್ಟಿಮೀಟರಿನಿಂದ ನೋಡಿದೆ. ಪಿನ್ನು ಸಾಕೆಟ್ಟಿನಿಂದ ತಗದು ಪಕ್ಕಕ್ಕ ಇಟ್ಟೆ. ಮೀಟರ್ ಓಮ್ಸ್ 200ಕ್ಕ ಹಚ್ಚಿ, ಎರಡು ಕಡ್ಡಿ ಪ್ಲಗ್ಗಿನ ಎರಡು ಪಿನ್ನಿಗೆ ಹಿಡದೆ, ಸ್ವಿಚ್ ಒತ್ತಿಸಿ ಹುಡುಗನ ಕಡೆ ಡಿಸ್ಕ್ ನಿಧಾನಕ್ಕ ಕೈಯಿಂದ ತಿರುಗಿಸಿದೆ. ಸರಿ ಇದ್ದ ಮಷಿನ್ನಿಗೆ ಕೆಲವೇ ಓಮ್ಸ್ ತೋರಸತೈತಿ, ತಿರುಗಿಸಿದಂಗ ಸ್ವಲ್ಪ ಹೆಚ್ಚು ಕಡಿಮಿ ಆಗತೈತಿ ಅಷ್ಟ. ನಂದು ಒಮ್ಮೆ ಅಂಕಿ ತೋರಸತಿತ್ತು, ಒಮ್ಮೆ OL ಅಂತ ತೋರಸತಿತ್ತು, ಅಂದ್ರ ಸರ್ಕೀಟ್ ಕಡದೈತಿ. ವಾಯರ್ ಅಲ್ಲಾಡಿಸಿದರ ಬದಲಾಗಲಿಲ್ಲ, ತಿರುಗಿಸಿದಾಗ ಮಾತ್ರ ಬದಲಾತು. ತೊಂದರಿ ತಿರುಗೋ ಜಾಗಾದಾಗ ಐತಿ ಅಂತ ಖಾತ್ರಿ ಆತು. ಸಾದಾ ಸ್ವಿಚ್ ಇರೋ ಹಳೇ ಮಷಿನ್ನಿಗೆ ಈ ಪರೀಕ್ಷೆ ನಡಿತೈತಿ. ವೇಗ ಹೆಚ್ಚು ಕಡಿಮಿ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್ ಇದ್ದರ ಮೀಟರ್ ಮಾತು ನಂಬಬ್ಯಾಡ್ರಿ.

ನನ್ನ ಗ್ರೈಂಡರಿನ ಎರಡೂ ಮಗ್ಗಲಿಗೆ ಕರಿ ಪ್ಲಾಸ್ಟಿಕ್ ದುಂಡನ ಮುಚ್ಚಳ ಅದಾವು, ಸ್ಕ್ರೂಡ್ರೈವರಿನಿಂದ ತಿರುಗಿಸಿದರ ಬಿಚ್ಚತಾವು. ಕೆಲವು ಮಷಿನ್ನಿಗೆ ಹಿಂದಿನ ಕವರ್ ತಗೀಬೇಕು. ಮುಚ್ಚಳ ಬಿಚ್ಚುವಾಗ ಬೆರಳು ಅಡ್ಡ ಹಿಡೀರಿ, ಸ್ಪ್ರಿಂಗ್ ಹಾರಿ ಹೋದರ ಹುಲ್ಲಿನ್ಯಾಗ ಸಿಗಂಗಿಲ್ಲ. ಬಲಗಡೆ ಕಾರ್ಬನ್ ಅಳದೆ, 5 ಮಿಲಿಮೀಟರ್ ಉಳಿದಿತ್ತು. ಎಡಗಡೇದು 8 ಇತ್ತು, ಆದರ ಅದು ಹೊರಗ ಬರಲೇ ಇಲ್ಲ. ಮಳಿಗಾಲ ಪೂರ್ತಿ ಶೆಡ್ಡಿನ್ಯಾಗ ಬಿದ್ದು, ಕಾರ್ಬನ್ ಧೂಳು ಮತ್ತ ನಮ್ಮ ಕೆಂಪು ಮಣ್ಣಿನ ಧೂಳು ತಂಪಿಗೆ ಕೆಸರಾಗಿ ಒಣಗಿ, ಅದರ ಮನ್ಯಾಗೇ ಕಚ್ಚಿಕೊಂಡಿತ್ತು. ಸ್ಪ್ರಿಂಗ್ ಒತ್ತಿದರೂ ಮುಂದ ಹೋಗತಿರಲಿಲ್ಲ. ಒಂದು ಸವದಿತ್ತು, ಇನ್ನೊಂದು ಸಿಗಿಬಿದ್ದಿತ್ತು. ಇದು ನೆನಪಿಡ್ರಿ, ಉದ್ದ ಇದ್ದ ಮಾತ್ರಕ್ಕ ಕಾರ್ಬನ್ ಸರಿ ಐತಿ ಅಂತಲ್ಲ. ಅದರ ಮನ್ಯಾಗ ಸರಳ ಜಾರಬೇಕು.

ಎಷ್ಟು ಉಳಿದಾಗ ಬದಲಿಸಬೇಕು ಅಂದ್ರ, ಕೆಲವು ಕಾರ್ಬನ್ ಮ್ಯಾಲೆ ಗೆರಿ ಇರತೈತಿ, ಆ ಗೆರಿ ಮುಟ್ಟಿತಂದ್ರ ಮುಗೀತು. ಗೆರಿ ಇಲ್ಲಂದ್ರ ಹೊಸಾದರ ಮೂರರಾಗ ಒಂದು ಪಾಲು ಉಳಿದಾಗ, ಇಂಥಾ ಸಣ್ಣ ಮಷಿನ್ನಿಗೆ ಸುಮಾರು 5-6 ಮಿಲಿಮೀಟರಿಗೆ, ಬದಲಿಸಬೇಕು. ಎರಡೂ ಜೋಡೀಲೆ ಬದಲಿಸಬೇಕು, ಒಂದು ಹೊಸಾದು ಒಂದು ಹಳೇದು ಹಾಕಬಾರದು. ಇನ್ನು ಕೆಲವು ಕಾರ್ಬನ್ ಒಳಗ ಸಣ್ಣ ಪ್ಲಾಸ್ಟಿಕ್ ಮೊಳಿ ಇರತೈತಿ. ಸವದು ಅಲ್ಲೀತನ ಬಂದ ಕೂಡಲೇ ಅದು ಹೊರಗ ಬಂದು ಕಾರ್ಬನ್ನನ್ನ ತಾಮ್ರದಿಂದ ಎತ್ತತೈತಿ, ಮಷಿನ್ ತಾನಾಗೇ ನಿಲ್ಲತೈತಿ. ಅಂಥಾದು ಒಮ್ಮಿಂದೊಮ್ಮೆಲೆ ನಿಂತರ ಸುಟ್ಟೈತಿ ಅಂತ ತಿಳೀಬ್ಯಾಡ್ರಿ.

ಹಳೇ ಎರಡೂ ಕಾರ್ಬನ್ ಕಿಸೇದಾಗ ಹಾಕಿಕೊಂಡು ಬಸ್ ಹತ್ತಿದೆ. ದೇಸೂರು, ಮಚ್ಛೆ, ಪೀರನವಾಡಿ ದಾಟಿ ಉದ್ಯಮಬಾಗದಾಗ ಇಳದೆ. ಕಾರಖಾನೆಗಳ ಜಾಗಾ ಅದು, ಸುತ್ತ ಮಷಿನ್ ಸಾಮಾನಿನ ಅಂಗಡಿ ಅದಾವು. ಅಂಗಡಿಯವರು ಮೊದಲ ಒಂದು ಜೋಡಿ ಕೊಟ್ಟರು, ನೋಡಾಕ ಹಂಗೇ ಇತ್ತು. ಹಳೇದರ ಕೂಡ ಹಿಡದು ನೋಡಿದರ ಅರ್ಧ ಮಿಲಿಮೀಟರ್ ದಪ್ಪ. 'ತಿಕ್ಕಿ ಹಾಕ್ರಿ ಕಾಕಾ, ನಡಿತೈತಿ' ಅಂದರು. 'ಒಮ್ಮೆ ತಿಕ್ಕಿ ಹಾಕಿ ಮಷಿನ್ ಕಳಕೊಂಡೇನಿ ತಮ್ಮಾ, ಸರೀದ ಕೊಡು' ಅಂದೆ. ಕೈಯಿಂದ ತಿಕ್ಕಿದರ ಮಗ್ಗಲು ಸಮ ಬರಂಗಿಲ್ಲ, ಒಂದ ಕಡೆ ಬಿಗಿ ಒಂದ ಕಡೆ ಸಡಲ ಆಗತೈತಿ. ಡಬ್ಬಿ ಹುಡುಕಿ ಸರೀದು ಕೊಟ್ಟರು, ಜೋಡಿಗೆ ಅರವತ್ತು ರೂಪಾಯಿ. ಎರಡು ಜೋಡಿ ತಗೊಂಡೆ. ಹೋಗುವಾಗ ಹಳೇ ತುಂಡು ಒಯ್ಯದ ಬರೇ ಮಷಿನ್ ಹೆಸರು ಹೇಳಿದರ ಕೆಲಸ ಆಗಂಗಿಲ್ಲ. ಒಂದೇ ಮಷಿನ್ನಿನ ಹಳೇ ಮಾಡೆಲ್ಲಿಗೆ ಒಂದು, ಹೊಸಾದಕ್ಕ ಇನ್ನೊಂದು ಅಳತಿ ಇರತೈತಿ.

ಹಾಕೋದಕ್ಕ ಮೊದಲ ಆ ಕಿಂಡಿಯೊಳಗ ಟಾರ್ಚ್ ಹಾಕಿ, ಡಿಸ್ಕ್ ತಿರುಗಿಸಿಕೋತ ತಾಮ್ರ ನೋಡಿದೆ. ಚೊಲೋ ಇದ್ದ ತಾಮ್ರ ಥಳಥಳ ಹೊಳಿಯಂಗಿಲ್ಲ, ತಿಳಿ ಚಾಕಲೇಟ್ ಬಣ್ಣ ಇರತೈತಿ, ನುಣ್ಣಗ ಇರತೈತಿ. ಆ ಬಣ್ಣ ಹೊಲಸಲ್ಲ, ಅದನ್ನ ತಿಕ್ಕಿ ತಗೀಬಾರದು. ನಂದು ಅಲ್ಲಲ್ಲಿ ಕರಿ ಆಗಿತ್ತು, ಆದರ ಗೆರಿ ಬಿದ್ದಿರಲಿಲ್ಲ. ಬೆಂಕಿ ಕಡ್ಡಿ ತುದಿ ಮ್ಯಾಲೆ ಇಟ್ಟು ತಿರುಗಿಸಿದೆ, ಕಡ್ಡಿ ಎಲ್ಲಿಯೂ ಸಿಗಿಬೀಳಲಿಲ್ಲ. ಬಿದಿರಿನ ಸಣ್ಣ ಪಟ್ಟಿ ತುದಿಗೆ ನುಣುಪು ಗಾಜಿನ ಪೇಪರ್ ಸುತ್ತಿ ಹಗುರಕ ಹಿಡದು ಕೈಯಿಂದ ತಿರುಗಿಸಿದೆ, ಕರಿ ಹೋತು. ಕಬ್ಬಿಣ ತಿಕ್ಕೋ ಎಮರಿ ಪೇಪರ್ ಬಳಸಬ್ಯಾಡ್ರಿ. ಅದರ ಪುಡಿ ತಾಮ್ರದ ಪಟ್ಟಿಗಳ ಸಂದಿಯೊಳಗ ಕೂತು ಒಂದಕ್ಕೊಂದು ಶಾರ್ಟ್ ಮಾಡಬಹುದು. ಆಮ್ಯಾಲೆ ಕಾರ್ಬನ್ ಕೂಡೋ ಮನಿ ಒಣ ಅರಿಬಿಯಿಂದ ಒರಿಸಿ, ಸೈಕಲ್ ಪಂಪಿನಿಂದ ಧೂಳು ಊದಿಸಿದೆ. ಬಾಯಿಂದ ಊದಬ್ಯಾಡ್ರಿ, ಕರಿ ಧೂಳೆಲ್ಲಾ ಮೂಗಿಗೆ ಬರತೈತಿ. ಎಣ್ಣಿ, ಗ್ರೀಸ್ ಹನಿನೂ ಅಲ್ಲಿ ಬೀಳಬಾರದು.

ಹೊಸಾ ಕಾರ್ಬನ್ ಹಾಕಿದೆ, ಬೆರಳಿಂದ ಒತ್ತಿ ಬಿಟ್ಟರ ಸ್ಪ್ರಿಂಗ್ ಸರಳ ವಾಪಸ್ ತಂತು. ಮುಚ್ಚಳ ಬಿಗಿ ಮಾಡಿ, ಡಿಸ್ಕ್ ಬಿಚ್ಚಿ ಇಟ್ಟು ಖಾಲಿ ಹತ್ತು ಮಿನಿಟು ನಡಿಸಿದೆ. ಮೊದಲ ಕಿಡಿ ಇತ್ತು, ಯಾಕಂದ್ರ ಹೊಸಾ ಕಾರ್ಬನ್ನಿನ ಮುಖ ಸಪಾಟ, ತಾಮ್ರ ದುಂಡಗ. ಮುಖ ಸವದು ತಾಮ್ರದ ದುಂಡಿಗೆ ಕೂಡೋ ತನಕ ಪೂರಾ ಮುಟ್ಟಂಗಿಲ್ಲ. ಹತ್ತು ಮಿನಿಟಿಗೆ ಕಿಡಿ ಸಣ್ಣ ನೀಲಿ ಚುಕ್ಕಿಗೆ ಇಳೀತು. ಈ ಹತ್ತು ಮಿನಿಟು ಕೊಡದ ಸೀದಾ ಲೋಡಿಗೆ ಹಚ್ಚಿದರ ಹೊಸಾ ಕಾರ್ಬನ್ನೂ ಸುಡತೈತಿ, ತಾಮ್ರಾನೂ ಸುಡತೈತಿ. ಭಾನುವಾರ ಬಿಜಾಗರಿ ಕೂಡಿಸಿದೆ, ಸೋಮವಾರ ಗ್ಯಾಂಗ್ ಬಂತು. ಗ್ಯಾಂಗಿನವರ ಕೊಯ್ತಾಗಳನ್ನೂ ಅದರ ಮ್ಯಾಲೇ ಹರಿತ ಮಾಡಿ ಕೊಟ್ಟೆ.

ಎಲ್ಲಾ ಕಿಡಿಗೂ ಕಾರ್ಬನ್ನೇ ಮದ್ದಲ್ಲ, ಅದೂ ಹೇಳಬೇಕು. ಹೊಸಾ ಕಾರ್ಬನ್ ಹಾಕಿ ಹತ್ತು ಮಿನಿಟು ನಡಿಸಿದ ಮ್ಯಾಲೂ ಬೆಂಕಿ ತಾಮ್ರದ ಸುತ್ತ ಪೂರಾ ಉಂಗುರದಂಗ ತಿರುಗಿದರ ಆರ್ಮೇಚರಿನ ಕಾಯಿಲ್ ಶಾರ್ಟ್ ಆಗಿರತೈತಿ. ಒಂದೆರಡು ಪಟ್ಟಿ ಮಾತ್ರ ಕರ್ರಗ ಸುಟ್ಟಿದ್ದರ ಆ ಪಟ್ಟಿಗೆ ಬರೋ ವಾಯರ್ ಕಡದಿರತೈತಿ. ಶಾಫ್ಟ್ ಹಿಡದು ಅಲ್ಲಾಡಿಸಿದರ ಅತ್ತಿತ್ತ ಆಡಿತಂದ್ರ ಬ್ಯಾರಿಂಗ್ ಸಡಲ, ಅದು ಇರೋ ತನಕ ಯಾವ ಕಾರ್ಬನ್ನೂ ಬಾಳಂಗಿಲ್ಲ. ಬೆಂಕಿಕಡ್ಡಿ ಸಿಗಿಬೀಳೋವಷ್ಟು ಗೆರಿ ಇದ್ದರ ಲೇತಿಗೆ ಹಾಕಿ ಒಂದು ಸಲ ಸವರಸಬೇಕು. ಇವು ನಮ್ಮ ಕೈಲಿ ಆಗೋ ಕೆಲಸ ಅಲ್ಲ, ವೈಂಡಿಂಗಿನವರ ಕಡೆ ಒಯ್ಯಬೇಕು. ಆದರ ಒಯ್ಯುವಾಗ ಕಾರ್ಬನ್ ನೋಡೇನಿ, ಇಷ್ಟು ಉಳದೈತಿ ಅಂತ ಹೇಳಿ ಕೊಡ್ರಿ. ಆವಾಗ ಬಿಚ್ಚಿ ನೋಡೇ ಮಾತಾಡತಾರ.

ನಾನೀಗ ಜೂನಿಗೆ ಮಳಿ ಹಿಡಿಯೋ ಮೊದಲ ಒಮ್ಮೆ, ದಸರಾಕ್ಕ ಆಯುಧ ಪೂಜೆಗೆ ಮಷಿನ್ ಒರಸುವಾಗ ಒಮ್ಮೆ ಮುಚ್ಚಳ ಬಿಚ್ಚಿ ಕಾರ್ಬನ್ ಅಳದು ಗ್ವಾಡಿ ಮ್ಯಾಲೆ ಬರದಿಡತೇನಿ. ಹೊಸಾದು 14 ಇತ್ತು, ಈ ವಾರ ನೋಡಿದರ 12 ಐತಿ. ಎರಡನೇ ಜೋಡಿ ಅದೇ ಗ್ವಾಡಿಗೆ ಮೊಳಿಗೆ ಪ್ಲಾಸ್ಟಿಕ್ ಚೀಲದಾಗ ತೂಗಾಕತೈತಿ. ಯಾರಿಗಾದರೂ ಅಳತಿ ನೋಡಬೇಕಂದ್ರ ಬರ್ರಿ, ಮೀಟರೂ ಐತಿ. ಅಣ್ಣನ ಡ್ರಿಲ್ಲೂ ತೋರಸತೇನಿ, ಕಾರ್ಬನ್ ಇಲ್ಲದ ತಾಮ್ರ ಹೆಂಗಾಗತೈತಿ ಅಂತ ಕಣ್ಣಿಂದ ನೋಡಿದರ ಗೊತ್ತಾಗತೈತಿ.